"ನಾರ್ಮಲ್" ಅಂತ ಬರೆಯುವ ಮುಂಚೆ: ಕಣ್ಣು–ಕಿವಿ ತಪಾಸಣೆ ವಹಿ, ಪೋಷಕರ ಪತ್ರ

ನಲಿಕಲಿ ಟೀಚರ್: ಮೇಡಂ, 2ನೇ ತರಗತಿ ಹುಡುಗ, 7 ವರ್ಷ. ಎರಡೂ ಕಣ್ಣು ತೆರೆದು 6/9 ಗೆರೆ ಓದಿದ. ಒಂದೊಂದೇ ನೋಡಿದಾಗ ಬಲಗಣ್ಣು 6/9, ಎಡಗಣ್ಣು 6/24. ಕಿವಿ ಮೆಷಿನ್‌ನಲ್ಲಿ 25 ಡೆಸಿಬಲ್‌ಗೆ ಬಲಕಿವಿ ಮೂರು ಸದ್ದಿಗೂ ಕೈ ಎತ್ತಿದ. ಎಡಕಿವಿ 4000ಕ್ಕೆ ಮಾತ್ರ, 1000 ಮತ್ತು 2000ಕ್ಕೆ ಎತ್ತಲಿಲ್ಲ. ವಹಿಯಲ್ಲಿ "ನಾರ್ಮಲ್ / ಅಲ್ಲ" ಅಂತ ಒಂದೇ ಕಾಲಂ ಇದೆ. ಏನು ಬರೆಯಲಿ, ಮನೆಯವರಿಗೆ ಹೇಗೆ ತಿಳಿಸಲಿ?

ಆರ್‌ಬಿಎಸ್‌ಕೆ ಡಾಕ್ಟರ್: ಆ ಕಾಲಂಗೆ ಅಡ್ಡಗೆರೆ ಎಳೆದು ನಾಲ್ಕು ಮನೆ ಮಾಡಿ: ಬಲಗಣ್ಣು, ಎಡಗಣ್ಣು, ಬಲಕಿವಿ, ಎಡಕಿವಿ. ನೀವು ಇಲ್ಲಿ ಬರೆದ ಅಂಕಿಗಳನ್ನೇ ಅಲ್ಲಿ ಬರೆಯಿರಿ. ಎರಡೂ ಕಣ್ಣು ತೆರೆದಿದ್ದರೆ ಓದುವುದು ಒಳ್ಳೆಯ ಕಣ್ಣು, ಆದ್ದರಿಂದ ಆ ಮಗು ತರಗತಿಯಲ್ಲಿ ಎಲ್ಲೂ ತಡವರಿಸಲ್ಲ. ಎಡಗಣ್ಣಿನ ಬಿಂಬ ಮಸುಕಾಗಿದ್ದರೆ ಮಿದುಳು ಅದನ್ನು ಬದಿಗಿಡುತ್ತೆ. ಅದೇ ಸೋಮಾರಿ ಕಣ್ಣು. 7ನೇ ವಯಸ್ಸಿನಲ್ಲಿ ಕನ್ನಡಕ ಹಾಕಿ, ಒಳ್ಳೆಯ ಕಣ್ಣಿಗೆ ಪಟ್ಟಿ ಕಟ್ಟಿದರೆ ದೃಷ್ಟಿ ಮರಳುವ ಸಾಧ್ಯತೆ ಚೆನ್ನಾಗಿದೆ. ವಯಸ್ಸು ಏರಿದಷ್ಟೂ ಅದು ಇಳಿಯುತ್ತೆ. ಹಾಗಾಗಿ ಈ ಮಗುವನ್ನು ಈ ತಿಂಗಳೇ ನೇತ್ರಾಧಿಕಾರಿ ಹತ್ತಿರ ಕಳಿಸಿ, ಬೇಸಿಗೆ ರಜೆ ಕಾಯಬೇಡಿ.

ಕಿವಿಗೆ ಮುಂಚೆ ಒಂದು ಕೆಲಸ. ಹೆಡ್‌ಫೋನ್ ಕೆಂಪು ಬಲಕ್ಕೆ, ನೀಲಿ ಎಡಕ್ಕೆ ಅಲ್ಲವೇ? ತಿರುಗಿಸಿ ಹಾಕಿ ಮತ್ತೆ ಕೇಳಿಸಿ. ಈಗ ಬಲಕಿವಿಗೆ ಕೇಳದಿದ್ದರೆ ನೀಲಿ ಬದಿಯ ವೈರ್ ಕೆಟ್ಟಿದೆ, ಮಗುವಿನದ್ದಲ್ಲ. ಎಡಕಿವಿಗೇ ಕೇಳದಿದ್ದರೆ ತೊಂದರೆ ಕಿವಿಯದ್ದೇ. ಫ್ಯಾನ್ ಸದ್ದು ಇರಬಹುದು ಅನ್ನೋಕೂ ಆಗಲ್ಲ, ಅದೇ ಕೋಣೆಯಲ್ಲಿ ಬಲಕಿವಿಗೆ 1000 ಕೇಳಿಸಿದೆ. ಕಿವಿ ಸೋರುತ್ತಾ?

ಪಿಟಿ ಮೇಷ್ಟ್ರು: ನಮ್ಮ ಕೊಠಡಿಯಲ್ಲಿ 6 ಮೀಟರ್ ಇಲ್ಲ, 4 ಮೀಟರ್‌ನಲ್ಲೇ ಮಾಡ್ತೀವಿ. ಎಲ್ಲರಿಗೂ ಒಂದೇ ದೂರ ಇದ್ದರೆ ಸಾಕು.

ಆರ್‌ಬಿಎಸ್‌ಕೆ ಡಾಕ್ಟರ್: ಸಾಲದು. 4 ಮೀಟರ್‌ನಲ್ಲಿ 6/9 ಗೆರೆ ಓದಿದ್ದು ಲೆಕ್ಕಕ್ಕೆ 6/13ರ ಹತ್ತಿರ. ಕಳಿಸಬೇಕಾದ ಮಕ್ಕಳೇ ಪಾಸಾಗಿರ್ತಾರೆ. ಆ ಪಟ್ಟಿ ಪೂರ್ತಿ ಮತ್ತೆ ಮಾಡಿ.

ಪಿಟಿ ಮೇಷ್ಟ್ರು: 140 ಮಕ್ಕಳು ಮೇಡಂ! ಕನ್ನಡಿ ಇಟ್ಟು 3 ಮೀಟರ್‌ನಲ್ಲಿ ಮಾಡಬಹುದು ಅಂತ ಟ್ರೈನಿಂಗ್‌ನಲ್ಲಿ ಹೇಳಿದ್ರು.

ಆರ್‌ಬಿಎಸ್‌ಕೆ ಡಾಕ್ಟರ್: ಆಗುತ್ತೆ. ಇ ಚಾರ್ಟ್ ಮಗುವಿನ ತಲೆಯ ಹಿಂದೆ ಮೇಲುಗಡೆ, ಕನ್ನಡಿ ಎದುರಿಗೆ 3 ಮೀಟರ್. ಆದರೆ ಉತ್ತರದ ಚೀಟಿ ಹಿಡಿದು ಗುರುತು ಹಾಕಬೇಡಿ, ಕನ್ನಡಿಯಲ್ಲಿ ಎಡ–ಬಲ ಅದಲುಬದಲಾಗಿ ಸರಿ ಹೇಳಿದ ಮಗು ಫೇಲ್ ಆಗುತ್ತೆ. ನೀವು ಕನ್ನಡಿ ಪಕ್ಕ ನಿಂತು ಗೋಡೆಯ ಚಾರ್ಟನ್ನೇ ನೋಡಿ, ಮಗುವಿನ ಕೈ ಅದೇ ಗೋಡೆಯ ಕಡೆ ತೋರಿಸಿದರೆ ಸರಿ. ಇಲ್ಲದಿದ್ದರೆ ವರಾಂಡಕ್ಕೆ ಹೋಗಿ. ಹಗಲು ಬೆಳಕು ಚಾರ್ಟ್ ಮೇಲೆ ಬೀಳಬೇಕು, ಮಗುವಿನ ಕಣ್ಣಿಗಲ್ಲ.

ಸಿಆರ್‌ಪಿ: ಚಾರ್ಟ್ ಪಿಡಿಎಫ್ ಗ್ರೂಪಿಗೆ ಹಾಕಿದೀನಿ, ಎ4ನಲ್ಲಿ ಪ್ರಿಂಟ್ ತೆಗೆದುಕೊಳ್ಳಿ.

ಆರ್‌ಬಿಎಸ್‌ಕೆ ಡಾಕ್ಟರ್: ಸ್ಕೇಲ್ ಇಟ್ಟು ಅಳೆದು ನೋಡಿ. 6/9 ಗೆರೆಯ ಇ ಎತ್ತರ 13 ಮಿಲಿಮೀಟರ್ ಇರಬೇಕು, 6/60ರದ್ದು ಸುಮಾರು 8.7 ಸೆಂಟಿಮೀಟರ್. ಪ್ರಿಂಟರ್ ಕಾಗದಕ್ಕೆ ತಕ್ಕಂತೆ ಕುಗ್ಗಿಸಿದ್ದರೆ ಎಲ್ಲ ಮಕ್ಕಳಿಗೂ ಕಣ್ಣು ಮಂದ ಅಂತ ಬರುತ್ತೆ.

5ನೇ ತರಗತಿ ಟೀಚರ್: 6/9 ಪಾಸಾ ಫೇಲಾ?

ಆರ್‌ಬಿಎಸ್‌ಕೆ ಡಾಕ್ಟರ್: ಪಾಸು. ಆ ಗೆರೆಯಲ್ಲಿ ಅರ್ಧಕ್ಕಿಂತ ಹೆಚ್ಚು ಸರಿ ಹೇಳಬೇಕು.

ಹೆಡ್‌ಮಾಸ್ಟರ್: ಹೋದ ವರ್ಷದ ಫಾರ್ಮ್‌ನಲ್ಲಿ 6/12 ಇತ್ತು. ಯಾವುದು ಸರಿ?

ಸಿಆರ್‌ಪಿ: ಹೊಸ ಫಾರ್ಮೇ ಸರಿ.

ಹೆಡ್‌ಮಾಸ್ಟರ್: ಹೊಸ ಫಾರ್ಮ್ ನಮಗೆ ಬಂದೇ ಇಲ್ಲ ಸ್ವಾಮಿ.

ಆರ್‌ಬಿಎಸ್‌ಕೆ ಡಾಕ್ಟರ್: ಯಾವ ಫಾರ್ಮ್ ಆದರೂ ಅಂಕಿ ಬರೆದಿದ್ದರೆ ಆಮೇಲೆ ವಿಂಗಡಿಸಬಹುದು. "ಪಾಸ್" ಅಂತ ಬರೆದಿದ್ದರೆ ಆಗಲ್ಲ. ಎರಡು ಕಣ್ಣುಗಳ ನಡುವೆ ಎರಡು ಗೆರೆ ವ್ಯತ್ಯಾಸ ಇದ್ದರೂ ಕಳಿಸಿ. ಮಾಲುಗಣ್ಣು, ಪಾಪೆಯಲ್ಲಿ ಬಿಳಿ ಕಂಡರೆ ಚಾರ್ಟ್ ಬೇಡ, ನೇರ ಕಳಿಸಿ. ಬಿಳಿ ಪಾಪೆಗೆ ಆ ವಾರವೇ.

ನಲಿಕಲಿ ಟೀಚರ್: ಹೆಡ್‌ಫೋನ್ ತಿರುಗಿಸಿ ನೋಡಿದೆ ಮೇಡಂ. ಎಡಕಿವಿಗೇ ಕೇಳಿಸ್ತಿಲ್ಲ. ತಾಯಿಯನ್ನು ಕೇಳಿದೆ, ಆಗಾಗ ಸೋರುತ್ತಂತೆ, ಸ್ವಲ್ಪವೇ, ಆದರೆ ವಾಸನೆ. ಬೆಳ್ಳುಳ್ಳಿ ಎಣ್ಣೆ ಬಿಸಿ ಮಾಡಿ ಬಿಡ್ತಾರಂತೆ.

ಆರ್‌ಬಿಎಸ್‌ಕೆ ಡಾಕ್ಟರ್: ಎಣ್ಣೆ ಇವತ್ತೇ ನಿಲ್ಲಿಸಲು ಹೇಳಿ. ಸೋರುವ ಕಿವಿಯಲ್ಲಿ ತಮಟೆ ತೂತಾಗಿರುವ ಸಂಭವ ಹೆಚ್ಚು, ಎಣ್ಣೆ ನೇರ ಮಧ್ಯಕಿವಿಗೆ ಇಳಿಯುತ್ತೆ. ನನಗೆ ಚಿಂತೆ ಆ ವಾಸನೆಯದ್ದು. ಹೆಚ್ಚು ನೀರಾಗಿ ಸೋರುವ ಕಿವಿಗಿಂತ, ಸ್ವಲ್ಪವೇ ಸೋರಿ ಕೆಟ್ಟ ವಾಸನೆ ಬರುವ ಕಿವಿ ಅಪಾಯದ್ದು. ಒಳಗೆ ಚರ್ಮದ ಗಂಟು ಬೆಳೆದು ಮೂಳೆಯನ್ನು ಸವೆಸುತ್ತಾ ಇರಬಹುದು. ನೋವು ಇರದ ಕಾರಣ ಮನೆಯವರು ಬಿಟ್ಟುಬಿಡ್ತಾರೆ. ಹನಿ ಹಾಕಿದಾಗ ಒಣಗುತ್ತೆ, ಮತ್ತೆ ಶುರುವಾಗುತ್ತೆ. ಇದು ಆರ್‌ಬಿಎಸ್‌ಕೆ ತಂಡ ಬರುವ ತನಕ ಕಾಯುವ ಕೇಸ್ ಅಲ್ಲ. ಈ ವಾರ ಇಎನ್‌ಟಿ ಡಾಕ್ಟರಿಗೆ ತೋರಿಸಬೇಕು. ಮುಖ ಒಂದು ಕಡೆ ಜಗ್ಗಿದರೆ, ತಲೆ ತಿರುಗಿ ಬಿದ್ದರೆ, ಕಿವಿಯ ಹಿಂದೆ ಊದಿದರೆ, ಜ್ವರದ ಜೊತೆ ತಲೆನೋವು ಬಂದರೆ ಅದೇ ದಿನ.

ಇನ್ನೊಂದು. ಸೋರುವ ಕಿವಿಗೆ ಹೆಡ್‌ಫೋನ್ ಹಾಕಬಾರದು. ಮೊದಲು ಕಿವಿ ನೋಡಿ, ಸೋರುತ್ತಿದ್ದರೆ "ಸೋರುತ್ತಿದೆ" ಅಂತ ಬರೆದು ಕಳಿಸಿಬಿಡಿ. ಹೆಡ್‌ಫೋನ್ ಒರೆಸಿದಿರಾ?

ಅಡುಗೆ ಸಿಬ್ಬಂದಿ ಗ್ರೂಪ್‌ನಿಂದ ಬಂದವರು: *ಫಾರ್ವರ್ಡ್:* ಈರುಳ್ಳಿ ರಸ 2 ಹನಿ ಕಿವಿಗೆ, ತ್ರಿಫಲಾ ನೀರು ಕಣ್ಣಿಗೆ, ಬೆಳಗಿನ ಸೂರ್ಯನನ್ನು 10 ನಿಮಿಷ ನೋಡಿದರೆ ಕನ್ನಡಕ ಬಿಡಬಹುದು 🙏

ಆರ್‌ಬಿಎಸ್‌ಕೆ ಡಾಕ್ಟರ್: ಸೂರ್ಯನನ್ನು ನೋಡಿದರೆ ಅಕ್ಷಿಪಟಲದ ನಡುಭಾಗ ಸುಡುತ್ತೆ, ನೋವೇ ಆಗಲ್ಲ, ಗೊತ್ತಾಗುವಷ್ಟರಲ್ಲಿ ಕೆಟ್ಟಿರುತ್ತೆ. ಇದನ್ನು ಡಿಲೀಟ್ ಮಾಡಿ. ಕಿವಿಗೂ ಕಣ್ಣಿಗೂ ಅಡುಗೆಮನೆಯಿಂದ ಏನೂ ಬೇಡ. ಮೂರನೇ ಸಲ ಹೇಳ್ತಿದೀನಿ.

ಅಡುಗೆ ಸಿಬ್ಬಂದಿ ಗ್ರೂಪ್‌ನಿಂದ ಬಂದವರು: ನಮ್ಮಜ್ಜಿ ಕಾಲದಿಂದ ಮಾಡ್ತಿದ್ರು.

ಪಿಟಿ ಮೇಷ್ಟ್ರು: ಮೊಬೈಲ್ ಆ್ಯಪಲ್ಲಿ ಕಿವಿ ಟೆಸ್ಟ್ ಮಾಡಿ ವಹಿಗೆ ಹಾಕಬಹುದಾ?

ಆರ್‌ಬಿಎಸ್‌ಕೆ ಡಾಕ್ಟರ್: ಇಲ್ಲ. ನಿಮ್ಮ ಇಯರ್‌ಫೋನ್ ಎಷ್ಟು ಡೆಸಿಬಲ್ ಕೊಡುತ್ತೆ ಅಂತ ಯಾರೂ ಅಳೆದಿಲ್ಲ.

3ನೇ ತರಗತಿ ಟೀಚರ್: ನನ್ನ ಮಗನಿಗೆ ಮೈನಸ್ 2 ಇದೆ, ವರ್ಷಕ್ಕೊಮ್ಮೆ ನಂಬರ್ ಬದಲಾಗುತ್ತಾ?

ಹೆಡ್‌ಮಾಸ್ಟರ್: ಇದೆಲ್ಲ ಆರೋಗ್ಯ ಇಲಾಖೆ ಕೆಲಸ. ಪಾಠ ಯಾವಾಗ ಮಾಡೋದು?

ಸಿಆರ್‌ಪಿ: ಮಗು ನಿಮ್ಮ ಶಾಲೆಯದ್ದೇ ಅಲ್ವಾ ಸರ್?

ಹೆಡ್‌ಮಾಸ್ಟರ್: ವಹಿ ತೋರಿಸಿ ಅಂತ ಬರೋದು ನೀವೇ ಅಲ್ವಾ?

ನಲಿಕಲಿ ಟೀಚರ್: ಪತ್ರ ಹೇಗೆ ಬರೆಯಲಿ ಅಂತ ಕೇಳಿದ್ದೆ ಮೇಡಂ.

ಆರ್‌ಬಿಎಸ್‌ಕೆ ಡಾಕ್ಟರ್: ಹೀಗೆ ಬರೆಯಿರಿ. "ಕಿವುಡು" ಅನ್ನುವ ಪದ ಬೇಡ, ರೋಗದ ಹೆಸರೂ ಬೇಡ.

> ಪೋಷಕರಿಗೆ ನಮಸ್ಕಾರ. ಶಾಲೆಯ ತಪಾಸಣೆಯಲ್ಲಿ ನಿಮ್ಮ ಮಗನ ಎಡಗಣ್ಣಿಗೆ ದೂರದ ಅಕ್ಷರ ಸರಿಯಾಗಿ ಕಾಣಲಿಲ್ಲ (ಬಲ 6/9, ಎಡ 6/24). ಎಡಕಿವಿಗೆ ಮೆಲುಸದ್ದು ಕೇಳಲಿಲ್ಲ, ಕಿವಿ ಸೋರುವುದಾಗಿ ನೀವೂ ತಿಳಿಸಿದ್ದೀರಿ. ಇದು ಪ್ರಾಥಮಿಕ ತಪಾಸಣೆ, ಕಾರಣ ಏನೆಂದು ವೈದ್ಯರೇ ಹೇಳಬೇಕು. ಕಿವಿಯನ್ನು ಈ ವಾರದೊಳಗೆ, ಕಣ್ಣನ್ನು ಈ ತಿಂಗಳೊಳಗೆ ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ. ಈ ಪತ್ರ, ಹಳೆಯ ಚೀಟಿಗಳನ್ನು ತೆಗೆದುಕೊಂಡು ಹೋಗಿ. ಅಲ್ಲಿಯವರೆಗೆ ಕಿವಿಗೆ ಎಣ್ಣೆ, ರಸ, ಕಡ್ಡಿ ಹಾಕಬೇಡಿ, ಸ್ನಾನದಲ್ಲಿ ನೀರು ಹೋಗದಂತೆ ನೋಡಿಕೊಳ್ಳಿ. ಕೆಳಗಿನ ಭಾಗವನ್ನು ವೈದ್ಯರಿಂದ ಬರೆಸಿ ಶಾಲೆಗೆ ಕೊಡಿ.
> — — — ✂
> ನೋಡಿದ ದಿನ: ____ ಕಂಡದ್ದು: ____ ಕೊಟ್ಟದ್ದು: ____ ಮತ್ತೆ ಬರಬೇಕಾದ ದಿನ: ____

ಪತ್ರ ಮಗುವಿನ ಬ್ಯಾಗಿಗೆ ಹಾಕಿ ಬಿಡಬೇಡಿ, ತಾಯಿಯನ್ನು ಕರೆಸಿ ಓದಿ ಹೇಳಿ. ವಹಿಯಲ್ಲಿ ಪತ್ರ ಕೊಟ್ಟ ದಿನ, ಚೀಟಿ ಮರಳಿದ ದಿನ, ಎರಡಕ್ಕೂ ಮನೆ ಇರಲಿ. ಎರಡನೆಯದು ಖಾಲಿ ಇದ್ದರೆ ಫೋನ್ ಮಾಡಿ.

5ನೇ ತರಗತಿ ಟೀಚರ್: ಮಾತು ಬಾರದ ಮಗುವಿಗೆ ಇ ಚಾರ್ಟ್ ಹೇಗೆ ಮಾಡೋದು? ಕೈಯೂ ತೋರಿಸಲ್ಲ.

ಪಿಟಿ ಮೇಷ್ಟ್ರು: 6/9 ಪಾಸಾ ಅಂದ್ರಿ ಅಲ್ವಾ ಮೇಡಂ?

ಆರ್‌ಬಿಎಸ್‌ಕೆ ಡಾಕ್ಟರ್: ಮೇಲೆ ಓದಿ.

ನಲಿಕಲಿ ಟೀಚರ್: ಹೆಡ್‌ಫೋನ್ ಒರೆಸಿರಲಿಲ್ಲ. ಅವನ ನಂತರ ಹನ್ನೊಂದು ಮಕ್ಕಳಿಗೆ ಹಾಕಿದೆ.

ಆರ್‌ಬಿಎಸ್‌ಕೆ ಡಾಕ್ಟರ್: ಈಗ ಸ್ಪಿರಿಟ್ ಹತ್ತಿಯಲ್ಲಿ ಒರೆಸಿ ಒಣಗಿಸಿ. ಹನ್ನೊಂದರ ಹೆಸರು ನನಗೆ ಕಳಿಸಿ. ಎಡಕಿವಿ ಒಣಗಿದೆ ಅಂತ ತಾಯಿ ಹೇಳಿದರೂ ಈ ವಾರದ ಇಎನ್‌ಟಿ ತಪ್ಪಿಸಬೇಡಿ.