ಅಪ್‌ಡೇಟ್: ಜಪಾನಿ ಪ್ರಿಂಟರ್‌ನ ಸಂದೇಶ ಅರ್ಥವಾಯಿತು, ಈಗ ಪ್ರಿಂಟ್ ಬರುತ್ತಿದೆ

ನನ್ನ ಪ್ರಶ್ನೆ: "ಜಪಾನಿನಲ್ಲಿ ಕೊಂಡ ಇಂಕ್‌ಜೆಟ್ ಪ್ರಿಂಟರ್. ಎ4 ಹಾಳೆ ಇದ್ದರೂ ಪ್ರಿಂಟ್ ಆಗುತ್ತಿಲ್ಲ, ಟಚ್ ಪ್ಯಾನೆಲ್ ತುಂಬ ಜಪಾನಿ. ಕಾಗದ ಸಿಕ್ಕಿದೆಯೋ, ಇಂಕ್ ಮುಗಿದಿದೆಯೋ, ಟ್ರೇ ಸಮಸ್ಯೆಯೋ?"

ಉತ್ತರಿಸಿದ ಎಲ್ಲರಿಗೂ ಧನ್ಯವಾದ. ತಡೆ ಇದ್ದದ್ದು ಟ್ರೇ ಸೆಟ್ಟಿಂಗ್‌ನಲ್ಲಿ.

ಸಂದೇಶದಲ್ಲಿ 詰まり ಕಂಡರೆ ಮಾತ್ರ ಕಾಗದ ಸಿಕ್ಕಿಕೊಂಡಿದೆ ಎಂದರ್ಥ. ಆಗ ಪವರ್ ಆಫ್ ಮಾಡಿ, ಹಿಂಬದಿಯ ಮುಚ್ಚಳ ತೆಗೆದು, ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಧಾನವಾಗಿ ಎಳೆಯಬೇಕು. ಹರಿದರೆ ಚೂರು ರೋಲರ್ ಬಳಿ ಉಳಿದು ಅದೇ ಸಂದೇಶ ಮತ್ತೆ ಬರುತ್ತದೆ. インク残量 ಎಂದರೆ ಉಳಿದಿರುವ ಇಂಕ್. ಜೊತೆಗೆ 少 ಇದ್ದರೆ ಕಡಿಮೆಯಾಗಿದೆ ಎಂಬ ಎಚ್ಚರಿಕೆಯಷ್ಟೆ. ಸಾಮಾನ್ಯವಾಗಿ ಪ್ರಿಂಟ್ ನಡೆಯುತ್ತದೆ. 交換 ಬಂದರೆ ಕಾರ್ಟ್ರಿಜ್ ಬದಲಿಸಲೇಬೇಕು.

ಇಲ್ಲಿ ಕಂಡದ್ದು 用紙設定, ಅಂದರೆ ಕಾಗದದ ಸೆಟ್ಟಿಂಗ್. ಕ್ಯಾಸೆಟ್‌ನಲ್ಲಿ, ಅಂದರೆ ಕಾಗದದ ಟ್ರೇಯಲ್ಲಿ, ಎ4 ಇದ್ದರೂ ಪ್ರಿಂಟರ್‌ನಲ್ಲಿ はがき, ಅಂದರೆ 100×148 ಮಿ.ಮೀ. ಪೋಸ್ಟ್‌ಕಾರ್ಡ್ ಎಂದು ದಾಖಲಾಗಿತ್ತು. ಜಪಾನಿನಲ್ಲಿ ಹೊಸ ವರ್ಷಕ್ಕೆ ಮನೆಯಲ್ಲೇ ಶುಭಾಶಯ ಕಾರ್ಡ್ ಪ್ರಿಂಟ್ ಮಾಡುವ ರೂಢಿಯಿದೆ, ಆ ಅಳತೆ ಹಾಗೇ ಉಳಿದುಬಿಡುತ್ತದೆ. ಕಂಪ್ಯೂಟರ್ ಎ4 ಕೇಳುತ್ತದೆ, ದಾಖಲೆ ಬೇರೆ ಹೇಳುತ್ತದೆ, ಪ್ರಿಂಟರ್ ನಿಲ್ಲುತ್ತದೆ.

ಸರಿಪಡಿಸಲು ಕ್ಯಾಸೆಟ್ ಹೊರಗೆಳೆದು, ಅಂಚಿನ ಗೈಡ್‌ಗಳನ್ನು ಹಾಳೆಗೆ ತಾಗಿಸಿ, ಮತ್ತೆ ತಳ್ಳಿ. ಆಗ ಬರುವ ಪರದೆಯಲ್ಲಿ ಸುಮ್ಮನೆ OK ಒತ್ತಿದರೆ ಹಳೆಯ ಅಳತೆಯೇ ಉಳಿಯುತ್ತದೆ. サイズ, ಅಂದರೆ ಅಳತೆಯ ಎದುರು A4, 種類, ಅಂದರೆ ಕಾಗದದ ಬಗೆಯ ಎದುರು 普通紙 (ಸಾಧಾರಣ ಕಾಗದ) ಆರಿಸಿ, ಆಮೇಲೆ OK. ನಿಂತಿದ್ದ ಹಳೆಯ ಪ್ರಿಂಟ್ ಇನ್ನೂ ಸಾಲಿನಲ್ಲಿದ್ದರೆ 中止 ಒತ್ತಿ ರದ್ದುಮಾಡಿ, ಹೊಸದಾಗಿ ಕಳಿಸಿ.