ಮೊದಲ ಬೋರ್ಡ್: ಉನೊನಾ, ಇಎಸ್‌ಪಿ32 ಆ? ಸಹಾಯ ಬೇಕು

ನಮಸ್ಕಾರ. ಗೋವಾದ ಫೋಂಡಾದಲ್ಲಿದ್ದೇನೆ, ಎಲೆಕ್ಟ್ರಾನಿಕ್ಸ್‌ಗೆ ಹೊಸಬ. ಬಜೆಟ್ ಎಲ್ಲಾ ಸೇರಿ 1,000 ರೂಪಾಯಿ, ಅಂದರೆ ಒಂದೇ ಬೋರ್ಡ್. ಸುಟ್ಟರೆ ಮತ್ತೆ ಆನ್‌ಲೈನ್‌ನಲ್ಲಿ ತರಿಸಬೇಕು.

ವೋಕ್ವಿ ಸಿಮ್ಯುಲೇಟರ್‌ನಲ್ಲಿ ಆರ್ಡುಯಿನೊ ಉನೊಗೆ ಎಲ್‌ಇಡಿ, ಬಟನ್, ಆಮೇಲೆ ದೂರ ಅಳೆಯುವ ಎಚ್‌ಸಿ-ಎಸ್‌ಆರ್04 ಸೆನ್ಸರ್ ಜೋಡಿಸಿದೆ. ಎಲ್ಲಾ ನಡೆಯಿತು. ಮುಂದೆ ಟ್ಯಾಂಕಿನ ನೀರಿನ ಮಟ್ಟ ಫೋನಿನಲ್ಲಿ ಕಾಣಬೇಕು. ಉನೊ ಆರ್3ರಲ್ಲಿ ವೈಫೈ ಇಲ್ಲ, ಇಎಸ್‌ಪಿ32ರಲ್ಲಿದೆ.

ಗೊಂದಲ ಇಲ್ಲೇ. ಇಎಸ್‌ಪಿ32ರ ಪಿನ್‌ಗಳು 3.3 ವೋಲ್ಟಿನವು, ಈ ಸೆನ್ಸರಿನ ಎಕೋ ಪಿನ್ 5 ವೋಲ್ಟ್ ಕೊಡುತ್ತದೆ. ಎಕೋದಿಂದ 1 ಕಿಲೋಓಮ್, ಅಲ್ಲಿಂದ ಗ್ರೌಂಡ್‌ಗೆ 2 ಕಿಲೋಓಮ್ ರೆಸಿಸ್ಟರ್ ಹಾಕಿ ನಡುವಿನಿಂದ ತೆಗೆದರೆ ಲೆಕ್ಕಕ್ಕೆ 3.3 ಬರುತ್ತದೆ. ಸಿಮ್ಯುಲೇಟರಿನಲ್ಲಿ ತಪ್ಪು ವೈರಿಂಗಿಗೂ ಏನೂ ಸುಡಲ್ಲ, ಅಲ್ವಾ!

ಇಷ್ಟು ರೆಸಿಸ್ಟರ್ ಸಾಕಾದರೆ ನೇರ ಇಎಸ್‌ಪಿ32 ತಗೊಳ್ಳಲಾ? ಅಥವಾ ಹೊಸಬರ ಕೈಗೆ 5 ವೋಲ್ಟಿನ ಉನೊನೇ ಸರಿಯಾ?