ಕ್ಯಾಲ್ವಿನ್ ಚಕ್ರದಲ್ಲಿ ಐದು ಟ್ರಯೋಸ್ ಮೂರು ಆರ್‌ಯುಬಿಪಿ ಆಗೋದನ್ನ ಹೇಗೆ ಕಲಿತ್ರಿ?

ಕೇಳಿದವರು: ಗಿಡ ಇಂಗಾಲದ ಡೈಆಕ್ಸೈಡಿನಿಂದ ಸಕ್ಕರೆ ಮಾಡೋ ಈ ಚಕ್ರದಲ್ಲಿ ಸ್ಥಿರೀಕರಣ, ಅಪಕರ್ಷಣೆ ಎರಡೂ ಅರ್ಥ ಆಗಿದೆ. ಮೂರು ಇಂಗಾಲದ ಟ್ರಯೋಸ್ ಮತ್ತೆ ಐದು ಇಂಗಾಲದ ಆರ್‌ಯುಬಿಪಿ ಆಗೋ ಪುನರುತ್ಪಾದನೆ ಬಂದಾಗ ತಲೆ ಕೆಡುತ್ತೆ. ಮಧ್ಯದ ಸಕ್ಕರೆಗಳ ಹೆಸರು ಎಷ್ಟು ಸಲ ಬಾಯಿಪಾಠ ಮಾಡಿದ್ರೂ ಮರೆತುಹೋಗುತ್ತೆ. ನೀವೆಲ್ಲ ಇದನ್ನ ಹೇಗೆ ಹಿಡಿದ್ರಿ?

ಬಿಎಸ್ಸಿ ಎರಡನೇ ವರ್ಷ: ನಾನು ಆ ಭಾಗ ಬಿಟ್ಟೇಬಿಟ್ಟೆ. ಮೂರು ಇಂಗಾಲದ ಡೈಆಕ್ಸೈಡ್‌ಗೆ 9 ಎಟಿಪಿ, 6 ಎನ್‌ಎಡಿಪಿಎಚ್ ಖರ್ಚು ಅಂತ ನೆನಪಿಟ್ಟುಕೊಂಡೆ, ಅಂಕ ಬಂತು. ಹೇಗಿದ್ರೂ ಕತ್ತಲೆ ಕ್ರಿಯೆ ತಾನೇ, ಹಗಲು ಕೂಡಿಟ್ಟ ಎಟಿಪಿ ಇಟ್ಕೊಂಡು ಗಿಡ ರಾತ್ರಿ ಮಾಡ್ಕೊಳ್ಳುತ್ತೆ.

ನಿವೃತ್ತ ಮೇಷ್ಟ್ರು: ಲೆಕ್ಕ ಸರಿ ಇದೆಯಪ್ಪ, ರಾತ್ರಿಯ ಮಾತು ಸರಿಯಿಲ್ಲ. ಅದನ್ನ ಲ್ಯಾಬಿನವರು ಯಾರಾದ್ರೂ ಹೇಳಲಿ, ನಾನು ಕಡ್ಡಿಯ ವಿಷಯಕ್ಕೆ ಬರ್ತೀನಿ.

ಒಂದು ಕಡ್ಡಿ ಅಂದ್ರೆ ಒಂದು ಇಂಗಾಲ ಅಂತ ಇಟ್ಕೊಳ್ಳಿ. ಐದೈದು ಕಡ್ಡಿಯ ಮೂರು ಗುಂಪು ಮಾಡಿ, ಅದೇ ಆರ್‌ಯುಬಿಪಿ. ಪ್ರತಿ ಗುಂಪಿಗೂ ರುಬಿಸ್ಕೋ ಅನ್ನೋ ಕಿಣ್ವ ಇಂಗಾಲದ ಡೈಆಕ್ಸೈಡಿನ ಒಂದೊಂದು ಕಡ್ಡಿ ಸೇರಿಸಿದ ಕೂಡಲೇ ಗುಂಪು ಮೂರು-ಮೂರಾಗಿ ಒಡೆಯುತ್ತೆ. ಈಗ ಮೂರು ಕಡ್ಡಿಯ ಆರು ಗುಂಪು, ಇವು ಪಿಜಿಎ. 6 ಎಟಿಪಿ, 6 ಎನ್‌ಎಡಿಪಿಎಚ್ ಕೊಟ್ಟರೆ ಆರೂ ಟ್ರಯೋಸ್ ಆಗ್ತವೆ. ಒಂದನ್ನ ಪಕ್ಕಕ್ಕಿಡಿ, ಅದು ಗಿಡದ ಸಂಪಾದನೆ. ಉಳಿದ ಐದು ಗುಂಪು ಮತ್ತೆ ಐದು ಕಡ್ಡಿಯ ಮೂರು ಗುಂಪಾಗಬೇಕು.

ಮಕ್ಕಳು ತಪ್ಪೋದು ಇಲ್ಲೇ. ಮೂರು-ಮೂರು ಸೇರಿಸಿ ಆರು ಮಾಡಿ, ಒಂದು ಕಡ್ಡಿ ಕಿತ್ತು ಐದು ಅಂತಾರೆ. ಒಂಟಿ ಕಡ್ಡಿ ಎತ್ತೋ ಕಿಣ್ವ ಈ ಹಂತದಲ್ಲಿ ಇಲ್ಲ. ಆಲ್ಡೊಲೇಸ್ ಎರಡು ಗುಂಪನ್ನ ಪೂರ್ತಿ ಸೇರಿಸುತ್ತೆ, ಟ್ರಾನ್ಸ್‌ಕೀಟೋಲೇಸ್ ಎರಡು ಕಡ್ಡಿ ಎತ್ತಿ ಮತ್ತೊಂದಕ್ಕೆ ಕೊಡುತ್ತೆ. ಅಷ್ಟೇ ನಿಯಮ. ಮೂರಕ್ಕೆ ಮೂರು ಸೇರಿ ಆರು. ಆ ಆರರಿಂದ ಎರಡು ಕಡ್ಡಿ ಮೂರನೇ ಗುಂಪಿಗೆ ಹೋದ್ರೆ ಒಂದು ಐದು ಸಿಕ್ತು, ನಾಲ್ಕು ಉಳೀತು. ನಾಲ್ಕಕ್ಕೆ ಇನ್ನೊಂದು ಮೂರು ಸೇರಿ ಏಳು. ಏಳರಿಂದ ಎರಡು ಕೊನೆಯ ಮೂರಕ್ಕೆ ಹೋದ್ರೆ ಐದು, ಐದು. ಐದರ ಈ ಮೂರೂ ಗುಂಪಿಗೆ ಒಂದೊಂದು ಎಟಿಪಿ ಕೊಟ್ಟರೆ ಆರ್‌ಯುಬಿಪಿ ತಯಾರು. ಏಳು ಇಂಗಾಲದ ಸಕ್ಕರೆ ಯಾಕೆ ಬರುತ್ತೆ ಅಂತ ಕೈಗೇ ತಿಳಿಯುತ್ತೆ, ಹೆಸರು ಆಮೇಲೆ ತಾನಾಗಿ ಕೂರುತ್ತೆ.

ಬಾಲ್ಕನಿ ತೋಟ: ಬಿಸಿಲು ಜೋರಾದ್ರೆ ನನ್ನ ಕುಂಡದ ಗಿಡಗಳು ಬೆಳೆಯೋದೇ ನಿಲ್ಲಿಸ್ತವೆ. ರುಬಿಸ್ಕೋ ಕಡಿಮೆ ಆಗಿರುತ್ತಾ? ಅದನ್ನ ಹೊರಗಿಂದ ಕೊಡಬಹುದಾ?

ಪಾಚಿ ಲ್ಯಾಬ್: ಕೊಡೋಕಾಗಲ್ಲ, ಅದು ಹರಿದ್ರೇಣುವಿನ ಒಳಗೇ ಜೋಡಣೆಯಾಗಬೇಕು. ಎಲೆಯಲ್ಲಿ ಕೊರತೆಯೂ ಇರಲ್ಲ. ಬಹಳ ಗಿಡಗಳಲ್ಲಿ ಎಲೆಯ ಕರಗುವ ಪ್ರೋಟೀನಿನ ಅರ್ಧದಷ್ಟು ರುಬಿಸ್ಕೋನೇ. ಅಷ್ಟು ಬೇಕಾಗೋದು ಅದು ನಿಧಾನ ಅಂತ, ಒಂದೊಂದು ಸಕ್ರಿಯ ತಾಣ ಸೆಕೆಂಡಿಗೆ ಹಿಡಿಯೋದು ಮೂರು ಅಣುಗಳ ಆಸುಪಾಸು. ಬಿಸಿಲಿಗೆ ಎಲೆ ರಂಧ್ರ ಮುಚ್ಚಿದ್ರೆ ಒಳಗೆ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ, ರುಬಿಸ್ಕೋ ಆಕ್ಸಿಜನ್ನನ್ನೇ ಹೆಚ್ಚು ಹಿಡಿಯುತ್ತೆ. ಮೇಷ್ಟ್ರ ಲೆಕ್ಕದಲ್ಲಿ ಆಗ ಕಡ್ಡಿ ಸೇರೋದೇ ಇಲ್ಲ, ಐದು ಒಡೆದು ಮೂರು-ಎರಡು ಆಗುತ್ತೆ. ಅಂಥ ಎರಡು ‘ಎರಡು’ ಸೇರಿ ಒಂದು ಮೂರನ್ನ ವಾಪಸ್ ಪಡೆಯೋ ಹೊತ್ತಿಗೆ ಒಂದು ಕಡ್ಡಿ ಗಾಳಿಗೆ ಹೋಗಿರುತ್ತೆ. ನಿಮ್ಮ ಗಿಡಕ್ಕೆ ಇದೊಂದೇ ಕಾರಣ ಅಂತ ದೂರದಿಂದ ಹೇಳೋಕಾಗಲ್ಲ.

ರಾತ್ರಿಯ ವಿಷಯ: ಎಲೆಯಲ್ಲಿ ಎಟಿಪಿ ದಾಸ್ತಾನು ಇಡೋಕಾಗಲ್ಲ. ಕ್ಯಾಲ್ವಿನ್, ಬೆನ್ಸನ್, ಬ್ಯಾಶಮ್ ಅವರ ಗುಂಪು ಪಾಚಿಗೆ ಇಂಗಾಲ-14 ಕೊಟ್ಟು, ಕುದಿಯೋ ಆಲ್ಕೋಹಾಲಿಗೆ ಸುರಿದು ಕ್ರಿಯೆ ನಿಲ್ಲಿಸಿ, ಕಾಗದದ ಕ್ರೊಮ್ಯಾಟೊಗ್ರಫಿಯಲ್ಲಿ ಚುಕ್ಕೆಗಳನ್ನ ಅಳೀತಿತ್ತು. ದೀಪ ಆರಿಸಿದ ಸ್ವಲ್ಪ ಹೊತ್ತಿಗೇ ಪಿಜಿಎ ಏರಿತು, ಆರ್‌ಯುಬಿಪಿ ಕುಸಿಯಿತು. ರುಬಿಸ್ಕೋ ಇದ್ದ ಆರ್‌ಯುಬಿಪಿಯನ್ನ ಪಿಜಿಎ ಮಾಡ್ತಾ ಹೋಯ್ತು, ಪಿಜಿಎ ಮುಂದಕ್ಕೆ ಹೋಗೋಕೆ ಬೆಳಕಿಂದ ಬರೋ ಎಟಿಪಿ, ಎನ್‌ಎಡಿಪಿಎಚ್ ಸಿಗಲಿಲ್ಲ. ಬೆಳಕಿಟ್ಟು ಇಂಗಾಲದ ಡೈಆಕ್ಸೈಡ್ ಇಳಿಸಿದಾಗ ತಿರುಗುಮುರುಗು: ಆರ್‌ಯುಬಿಪಿ ಕೂಡಿತು, ಪಿಜಿಎ ಇಳಿಯಿತು. ಇದನ್ನ ಓದಿದ ದಿನ ನನಗೆ ಇಡೀ ಚಕ್ರ ಕಣ್ಣಿಗೆ ಕಟ್ಟಿತು. ಕೆಲವು ಕಿಣ್ವಗಳನ್ನ ಚುರುಕು ಮಾಡೋದೂ ಬೆಳಕೇ.

ಬಿಎಸ್ಸಿ ಎರಡನೇ ವರ್ಷ: ಓ, ಕತ್ತಲೆ ಅನ್ನೋ ಹೆಸರೇ ದಾರಿ ತಪ್ಪಿಸಿತು. ಇಷ್ಟು ಕಾಲದಲ್ಲಿ ರುಬಿಸ್ಕೋ ಯಾಕೆ ಸುಧಾರಿಸಿಲ್ಲ?

ಪಾಚಿ ಲ್ಯಾಬ್: ವೇಗ ಹೆಚ್ಚಿದ್ರೆ ಇಂಗಾಲದ ಡೈಆಕ್ಸೈಡ್ ಬದಲು ಆಕ್ಸಿಜನ್ ಹಿಡಿಯೋ ತಪ್ಪೂ ಹೆಚ್ಚುತ್ತೆ ಅಂತ ಒಂದು ವಾದ. ಆ ಕೊಂಡಿ ಅಷ್ಟು ಬಿಗಿ ಇಲ್ಲ ಅನ್ನೋರೂ ಇದ್ದಾರೆ. ನಮ್ಮ ಲ್ಯಾಬಲ್ಲೇ ಒಮ್ಮತ ಇಲ್ಲ.

ಕೇಳಿದವರು: ಕಡ್ಡಿ ಇಟ್ಟು ನೋಡಿದೆ ಮೇಷ್ಟ್ರೇ. ನಾಲ್ಕು ಉಳಿದಾಗ ಅದನ್ನ ಬಿಟ್ಟು, ಮಿಕ್ಕ ಎರಡು ಮೂರನ್ನ ಸೇರಿಸಿ ಇನ್ನೊಂದು ಆರು ಮಾಡಿಬಿಟ್ಟಿದ್ದೆ. ಐದು, ನಾಲ್ಕು, ಆರು ಕೈಯಲ್ಲಿ ಉಳಿದು ಕೂತೆ. ಆರರಿಂದ ಎರಡು ಎತ್ತಿ ನಾಲ್ಕಕ್ಕೆ ಕೊಟ್ರೂ ಮತ್ತೆ ಅದೇ ನಾಲ್ಕು, ಆರು.